ಹೌದ್ರಿ, ಕಪ್ಪೈತೆ

ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಕೆಡಬಹುದಾದ ಸಂಗತಿಗಳು ಬಹಳ ಇದ್ದವು. ತೊಲೆಯ ಕೊಂಡಿ ಕಿತ್ತುಬಂದು ತೊಟ್ಟಿಲು ಕೂಸಿನ ಸಮೇತ ನೆಲಕ್ಕೆ ಬೀಳಬಹುದಿತ್ತು. ಕೊಂಡಿ ಗಟ್ಟಿ ಇದ್ದರೆ ಹಗ್ಗ ಹರಿಯಬಹುದಿತ್ತು. ಪಾಯಸದ ಹಾಲು ಒಡೆಯಬಹುದಿತ್ತು. ಸೀಮೆಎಣ್ಣೆ ಸ್ಟೋವು ಭುಗ್ಗೆಂದು ಎದ್ದು ಅಡುಗೆಮನೆಯ ಪರದೆಗೆ ಹತ್ತಿಕೊಳ್ಳಬಹುದಿತ್ತು. ಪಾಳಿ ಬದಲಾಗಿದೆ, ಈಗಲೇ ಬಾ ಎಂದು ಮಿಲ್ಲಿನಿಂದ ಅಪ್ಪನಿಗೆ ಕರೆ ಬರಬಹುದಿತ್ತು. ಲೋಕಿಕೆರೆಯ ಅಜ್ಜಿ, ಅಂದರೆ ಅವ್ವನ ತಾಯಿ, ಬಾಯಿ ತಡೆಯಲಾರದೆ ಹತ್ತು ಜನರ ಮುಂದೆ ಏನಾದರೂ ಅಂದುಬಿಡಬಹುದಿತ್ತು. ಹರಿಹರದಿಂದ ಗಿರಿಜತ್ತೆ, ಅಂದರೆ ಅಪ್ಪನ ಅಕ್ಕ, ಬರುವ ಬಸ್ಸು ದಾರಿಯಲ್ಲಿ ಕೆಟ್ಟು ನಿಲ್ಲಬಹುದಿತ್ತು. ಕೆಡದೆ ಸರಿಯಾದ ಹೊತ್ತಿಗೆ ಬಂದುಬಿಡಬಹುದಿತ್ತು, ಅದು ಇನ್ನೂ ಕಷ್ಟ. ಬಂದ ಅತ್ತೆ ಕೂಸಿನ ಬಣ್ಣದ ಮಾತು ತೆಗೆಯಬಹುದಿತ್ತು. ಆ ಮಾತಿಗೆ ಅವ್ವ ಅಳಬಹುದಿತ್ತು. ಅತ್ತು ಮುಗಿಸಿ, ಎಲ್ಲರೂ ಹೋದ ಮೇಲೆ, ಬಚ್ಚಲ ಗೂಡಿನಲ್ಲಿದ್ದ ಹಿಟ್ಟಿನ ಡಬ್ಬಿಗೆ ಮತ್ತೆ ಕೈಹಾಕಬಹುದಿತ್ತು. ಹಾಕಿದರೆ ಈ ಸಲ ಕೂಸು ಉಳಿಯುವ ಭರವಸೆ ಇಲ್ಲ ಎಂದು ಆಸ್ಪತ್ರೆಯ ಡಾಕ್ಟರಮ್ಮ ಹೇಳಿ ಕಳಿಸಿದ್ದರು. ಮೊದಲಿನ ಚಿಂತೆಗಳೆಲ್ಲ ನನ್ನ ಸ್ವಂತದವು. ಈ ಕೊನೆಯದನ್ನು ಮಾತ್ರ ಮನೆಯವರೆಲ್ಲ ಹಂಚಿಕೊಂಡಿದ್ದೆವು.

ಆಗ ನನಗೆ ಹನ್ನೊಂದು ವರ್ಷ. ಓರಗೆಯ ಹುಡುಗಿಯರು ಬೆಂಕಿಪೊಟ್ಟಣದ ಚಿತ್ರ ಕೂಡಿಡುತ್ತಿದ್ದರು, ನಾನು ಚಿಂತೆ ಕೂಡಿಡುತ್ತಿದ್ದೆ. ಅವರ ಚಿತ್ರಗಳು ಎಲ್ಲಿ ಹೋದವೋ, ನನ್ನ ಸಂಗ್ರಹ ಐವತ್ತರ ಹತ್ತಿರ ಬಂದರೂ ಬೆಳೆಯುತ್ತಲೇ ಇದೆ. ನಮ್ಮ ಮನೆ ದಾವಣಗೆರೆಯ ಹಳೇ ಪೇಟೆಯ ಹಿಂದಿನ ಓಣಿಯಲ್ಲಿತ್ತು. ರೈಲಿನ ಡಬ್ಬಿಗಳ ಹಾಗೆ ಒಂದರ ಹಿಂದೆ ಒಂದು ಮೂರು ಕೋಣೆ: ಮುಂದೆ ಪಡಸಾಲೆ, ನಡುವೆ ಕತ್ತಲೆಕೋಣೆ, ಹಿಂದೆ ಅಡುಗೆಮನೆ, ಅದಕ್ಕೆ ಅಂಟಿಕೊಂಡು ಬಚ್ಚಲು. ಓಣಿಯ ಆಚೆ ಮಂಡಕ್ಕಿ ಭಟ್ಟಿಗಳಿದ್ದವು. ಅವುಗಳ ಹೊಗೆ ಬಂದು ಸುಣ್ಣ ಬಳಿದ ಗೋಡೆ ಒಂದು ತಿಂಗಳಿಗೆಲ್ಲ ಬೂದಿಯ ಬಣ್ಣಕ್ಕೆ ತಿರುಗುತ್ತಿತ್ತು. ಗೋಡೆಯನ್ನೂ ನನ್ನನ್ನೂ ಒಟ್ಟಿಗೆ ನೋಡಿ ಗಿರಿಜತ್ತೆ, 'ಈ ಮನ್ಯಾಗೆ ಬೆಳ್ಳಗಿರಾದು ಮಂಡಕ್ಕಿ ಒಂದೇ' ಅನ್ನುತ್ತಿದ್ದಳು. ಆ ಮಾತಿಗೆ ಅಪ್ಪನೂ ನಗುತ್ತಿದ್ದ. ಅಪ್ಪನ ತಾಯಿ ತೀರಿಹೋದಾಗ ಅವನಿನ್ನೂ ಚಡ್ಡಿ ಹಾಕುವ ಹುಡುಗ. ಅವನಿಗೆ ಉಣಿಸಿ, ಎರೆದು, ಸಾಲೆಗೆ ಕಳಿಸಿದವಳು ಈ ಅಕ್ಕ. ಹತ್ತಿ ಗಿರಣಿಯ ಸದ್ದಿನಲ್ಲಿ ದಿನವಿಡೀ ಕೂಗಿ ಮಾತಾಡುತ್ತಿದ್ದ ಅಪ್ಪ ಅಕ್ಕನ ಮುಂದೆ ಮಾತ್ರ ಬಾಯಿ ಇಲ್ಲದವನಾಗುತ್ತಿದ್ದ.

ಅತ್ತೆಯನ್ನು ರಾಕ್ಷಸಿ ಮಾಡಿ ಬರೆಯುವುದು ಸುಲಭ, ಆದರೆ ಅವಳು ಬಂದಾಗಲೆಲ್ಲ ಚೀಲದ ತುಂಬ ಶೇಂಗಾ ಹೋಳಿಗೆ ತರುತ್ತಿದ್ದಳು. ಅವಳು ಕೆಂಪಗೆ ಇದ್ದಳು, ದುಂಡಗೆ ಇದ್ದಳು, ಮತ್ತು ಹುಟ್ಟಿದಾಗಿನಿಂದ ಯಾರಾದರೂ ಅವಳನ್ನು ಹೊಗಳಿದ್ದರೆ ಆ ಬಣ್ಣವೊಂದಕ್ಕೇ ಹೊಗಳಿದ್ದರು. ಅದೊಂದೇ ಅವಳ ಅಳತೆಗೋಲಾಗಿತ್ತು. ಬಾಗಿಲಲ್ಲಿ ಕಾಲು ತೊಳೆದು ಒಳಗೆ ಬಂದವಳೇ ನನ್ನ ಗದ್ದ ಹಿಡಿದು ಹೊಸ್ತಿಲ ಹತ್ತಿರ ಎಳೆಯುತ್ತಿದ್ದಳು. ಜವಳಿ ಅಂಗಡಿಯಲ್ಲಿ ಸೀರೆಯ ಸೆರಗನ್ನು ಬಾಗಿಲ ಬೆಳಕಿಗೆ ಹಿಡಿದು ನೋಡುತ್ತಾರಲ್ಲ, ಹಾಗೆ.

"ಏನೇ ರತ್ನಾ, ಈಕಿಗೆ ಊಟ ಹಾಕ್ತೀಯೋ ಇಲ್ಲೋ? ಬಿದಿರುಕಡ್ಡಿ ಆಗ್ಯಾಳೆ."

"ಹಾಕ್ತೀನ್ರಿ ಅಕ್ಕಾರೆ. ತಿಂತಾಳ್ರಿ, ಮೈಗೆ ಹತ್ತಲ್ಲ. ನಮ್ಮಪ್ಪನ ಕಡೆಯಾರು ಎಲ್ಲಾ ಹಂಗೇನೇ..."

"ಕರೆಂಟು ಹೋದಾಗ ಹಲ್ಲು ಬಿಡವ್ವ ಮಗಳೇ. ಇಲ್ಲಾಂದ್ರೆ ನಿನ್ನ ಎಡವಿ ಬೀಳ್ತೀವಿ."

ಎಲ್ಲರೂ ನಗುತ್ತಿದ್ದರು. ನಗದಿದ್ದರೆ ಸಿಡುಕಿ ಎಂಬ ಇನ್ನೊಂದು ಹೆಸರು ಬರುತ್ತದೆಂದು ನಾನೂ ನಗುತ್ತಿದ್ದೆ, ಹಲ್ಲು ಬಿಟ್ಟು; ಅವಳ ಮಾತಿಗೆ ಅದೂ ಒಂದು ಸಾಕ್ಷಿಯಾಗುತ್ತಿತ್ತು. ಅವ್ವ ಮಾತ್ರ ಪ್ರತಿ ಸಲವೂ ವಿವರಣೆ ಕೊಡುತ್ತಿದ್ದಳು. ಬಿಸಿಲಲ್ಲಿ ಆಡುತ್ತಾಳೆ ಅದಕ್ಕೆ, ಜ್ವರ ಬಂದಿತ್ತು ಅದಕ್ಕೆ, ಈ ಓಣಿಯ ಹೊಗೆ ಅದಕ್ಕೆ. ಒಂದೊಂದು ವಿವರಣೆಗೂ ಅತ್ತೆ ಒಂದೊಂದು ಉಪಾಯ ಹೇಳುತ್ತಿದ್ದಳು. ಅವಳು ಹರಿಹರದ ಬಸ್ಸು ಹತ್ತಿದ ಮಾರನೆಯ ದಿನದಿಂದ ಆ ಉಪಾಯಗಳು ನನ್ನ ಮುಖಕ್ಕೆ ಬರುತ್ತಿದ್ದವು: ಮೊಸರು, ಕಿತ್ತಳೆ ಸಿಪ್ಪೆಯ ಪುಡಿ, ಕಡಲೆಹಿಟ್ಟು. ಹನ್ನೊಂದು ವರ್ಷದ ಚರ್ಮ ಅದನ್ನೆಲ್ಲ ತಡೆದುಕೊಂಡಿತು. ಕಪ್ಪಗೇ ಉಳಿಯಿತು.

ತಂಗಿ ಹುಟ್ಟಿದಾಗ ಕೆಂಪಗಿದ್ದಳು. ಅವ್ವ ಮೊದಲ ಸಲ ಆಕೆಯನ್ನು ನನಗೆ ತೋರಿಸಿದಾಗ ಕಣ್ಣು, ಮೂಗು ಯಾವುದನ್ನೂ ಹೇಳಲಿಲ್ಲ. 'ನೋಡು, ಹೆಂಗೆ ಕೆಂಪಗದಾಳೆ' ಅಂದಳು. ಹುಟ್ಟಿದ ಕೂಸು ಮೊದಮೊದಲು ಹಾಗೆಯೇ ಇರುತ್ತದೆ, ನಿಜವಾದ ಬಣ್ಣ ಆಮೇಲೆ ನಿಧಾನಕ್ಕೆ ಬರುತ್ತದೆ. ಅದು ಯಾವುದೆಂದು ಮೊದಲೇ ತಿಳಿಯಬೇಕಾದರೆ ಕಿವಿಯ ಮೇಲಂಚನ್ನೂ ಉಗುರಿನ ಬುಡವನ್ನೂ ನೋಡಬೇಕು ಎಂಬುದು ನಮ್ಮ ಕಡೆಯ ಹೆಂಗಸರ ಲೆಕ್ಕ. ಲೆಕ್ಕ ಬಹುಮಟ್ಟಿಗೆ ಸರಿಯೇ ಬರುತ್ತದೆ, ಅದೇ ಕಷ್ಟ. ಗಿರಿಜತ್ತೆ ಬಂದಳು, ಕತ್ತಲೆಕೋಣೆಯ ಬಾಗಿಲು ತೆರೆಸಿದಳು, ಬೆಳಕಿಗೆ ಕೂಸನ್ನು ತಿರುಗಿಸಿಕೊಂಡು ಹೆಬ್ಬೆರಳಿಂದ ಅದರ ಕಿವಿಯ ಅಂಚನ್ನು ಮಡಚಿದಳು. ಬಲಗಿವಿ ನೋಡಿ, ನಂಬಿಕೆ ಬಾರದೆ ಎಡಗಿವಿಯನ್ನೂ ನೋಡಿದಳು.

"ಕೆಂಪೈತೆ ಅಂತ ಹಿಗ್ಗಬ್ಯಾಡ ರತ್ನಾ. ಇಲ್ಲಿ ನೋಡು, ಕಿವಿ. ಇದೂ ಅದೇ. ಎರಡೂ ಹೆಣ್ಣು, ಎರಡೂ ಕರೀವು. ನನ್ನ ತಮ್ಮ ಯಾರಿಗೆ ಏನು ಮಾಡಿದ್ನೋ."

ಅವ್ವ ಗೋಡೆಯ ಕಡೆ ತಿರುಗಿ ಮಲಗಿದಳು.

"ಅಳಾದ್ರಿಂದ ಏನಾಗ್ತದೆ? ಎಳೇ ಮೈ ಐತೆ, ಈಗಲೇ ತಿಕ್ಕಿ ಎರೀರಿ, ಬಣ್ಣ ಬಿಡ್ತದೆ. ಈಕಿಗೆ ಹಂಗೆ ಮಾಡ್ಲಿಲ್ಲ, ಈಗ ನೋಡು."

ಈಕಿ ಅಂದರೆ ನಾನು. ಬಾಣಂತಿಯ ಬಿಸಿನೀರಿಗೆ ಹಂಡೆಯ ಉರಿ ಮುಂದೆ ಮಾಡುತ್ತ ಕೂತಿದ್ದೆ.

ಕೂಸಿಗೆ ಎರೆಯುವುದು ಅಜ್ಜಿಯ ಕೆಲಸವಾಗಿತ್ತು. ಬೆಳಿಗ್ಗೆ ಕಾಲು ಚಾಚಿ ಮಣೆಯ ಮೇಲೆ ಕೂತು, ಕಾಲ ಮೇಲೆ ಕೂಸನ್ನು ಮಲಗಿಸಿ, ಎಣ್ಣೆ ನೀವಿ, ಹಿಟ್ಟು ಸವರಿ, ಬಿಸಿನೀರು ಹುಯ್ದು, ಲೋಬಾನದ ಹೊಗೆ ಹಿಡಿದು ಮಲಗಿಸುತ್ತಿದ್ದಳು. ಎಲ್ಲ ಮನೆಗಳಲ್ಲಿ ಮಾಡುವಷ್ಟೇ. ಅತ್ತೆ ಬಂದು ಹೋದ ಮೇಲೆ ಮಧ್ಯಾಹ್ನ ಇನ್ನೊಂದು ಸಲ ಎರೆಯುವುದು ಶುರುವಾಯಿತು. ಅಜ್ಜಿ ಉಂಡು ಪಡಸಾಲೆಯಲ್ಲಿ ಅಡ್ಡಾದ ಹೊತ್ತಿನಲ್ಲಿ, ನನ್ನನ್ನು ಹೊರಗೆ ಆಡಲು ಕಳಿಸಿ, ಅವ್ವ ಒಬ್ಬಳೇ ಬಚ್ಚಲಿಗೆ ಹೋಗುತ್ತಿದ್ದಳು. ಕಡಲೆಹಿಟ್ಟು, ಅರಿಶಿನ, ಹಾಲಿನ ಕೆನೆ. ಅದು ಸಾಲದೆಂದು ತರಿತರಿಯಾಗಿ ಬೀಸಿದ ಮಸೂರಬೇಳೆ. ಅದೂ ಸಾಲದೆಂದು ನಿಂಬೆಯ ಸಿಪ್ಪೆ. ದಿನ ಕಳೆದ ಹಾಗೆ ಕೂಸಿನ ಬಣ್ಣ ತನ್ನ ಪಾಡಿಗೆ ತಾನು ಗಾಢವಾಗುತ್ತಿತ್ತು, ಅವ್ವ ಇನ್ನಷ್ಟು ತಿಕ್ಕುತ್ತಿದ್ದಳು. ಕತ್ತಿನ ಮಡಿಕೆಯಲ್ಲಿ, ಕಂಕುಳಲ್ಲಿ, ತೊಡೆಯ ಸಂದಿಯಲ್ಲಿ ಮೊದಲು ಕೆಂಪಾಯಿತು. ಆಮೇಲೆ ಚರ್ಮ ತೆಳ್ಳಗೆ ಸುಲಿಯಿತು. ಸುಲಿದ ಕಡೆ ನೀರುಗುಳ್ಳೆ ಎದ್ದವು, ಗುಳ್ಳೆ ಒಡೆದು ಕೀವಾಯಿತು. ಒಂದು ಬೆಳಿಗ್ಗೆ ಕೂಸು ಮೊಲೆ ಹಿಡಿಯಲಿಲ್ಲ. ಅಳಲೂ ಇಲ್ಲ. ಅಜ್ಜಿ ಅದರ ಅಂಗಾಲು ತಟ್ಟಿದಳು, ಕಿವಿಯ ಹತ್ತಿರ ಚಪ್ಪಾಳೆ ಹೊಡೆದಳು, ಆಮೇಲೆ ಚಪ್ಪಲಿ ಕೂಡ ಮೆಟ್ಟದೆ ಅದನ್ನು ಎತ್ತಿಕೊಂಡು ಬೀದಿಗೆ ಇಳಿದಳು. ರಾತ್ರಿ ಪಾಳಿ ಮುಗಿಸಿ ತಲೆಯ ತುಂಬ ಹತ್ತಿಯ ಎಳೆ ಹೊತ್ತು ಬರುತ್ತಿದ್ದ ಅಪ್ಪ ಓಣಿಯ ತುದಿಯಲ್ಲಿ ಎದುರಾದ. ಅಲ್ಲಿಂದಲೇ ಆಟೋ ಹಿಡಿದರು.

ಆಸ್ಪತ್ರೆಯಲ್ಲಿ ಕೂಸಿನ ಕೈಗೆ ಸೂಜಿ ಚುಚ್ಚಿ ಹಲಗೆಗೆ ಕಟ್ಟಿದ್ದರು. ಕೀವು ರಕ್ತಕ್ಕೆ ಸೇರಿದೆ, ಹೇಳಲಾಗದು ಎಂದರು. ಹಲವು ದಿನ ಹೇಳಲಾಗದ ಸ್ಥಿತಿಯಲ್ಲೇ ಇತ್ತು. ನಾನು ಊಟದ ಡಬ್ಬಿ ತೆಗೆದುಕೊಂಡು ಹೋಗಿ ವಾರ್ಡಿನ ಬಾಗಿಲಲ್ಲಿ ನಿಲ್ಲುತ್ತಿದ್ದೆ, ಅವ್ವ ಕೈ ತೊಳೆಯದೆ ತಿನ್ನುತ್ತಿದ್ದಳು, ಒಮ್ಮೊಮ್ಮೆ ತಿನ್ನದೆ ಡಬ್ಬಿ ವಾಪಸು ಕೊಡುತ್ತಿದ್ದಳು. ಕೂಸು ಕಣ್ಣು ಬಿಟ್ಟು ಹಾಲು ಎಳೆಯತೊಡಗಿದ ಮೇಲೆ ಡಾಕ್ಟರಮ್ಮ ಅವ್ವನನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು. ಬೇರೆ ಏನೂ ಬೇಡ. ಹಿಟ್ಟು ಬೇಡ, ಅರಿಶಿನ ಬೇಡ, ಬರೀ ಉಗುರುಬೆಚ್ಚಗಿನ ನೀರು, ಮೆತ್ತನೆಯ ಬಟ್ಟೆ. ಚರ್ಮದ ಬಣ್ಣ ಒಳಗಿನಿಂದ ಬರುತ್ತದೆ, ತಿಕ್ಕಿದರೆ ಹೋಗುವುದು ಚರ್ಮವೇ ಹೊರತು ಬಣ್ಣ ಅಲ್ಲ. ಇನ್ನೊಂದು ಸಲ ಹೀಗಾದರೆ ನನ್ನ ಕೈಯಲ್ಲಿಲ್ಲ. ಅವ್ವ ಎಲ್ಲಕ್ಕೂ ತಲೆಯಾಡಿಸಿದಳು. ಎಲ್ಲ ಮುಗಿದ ಮೇಲೆ ಮೆಲ್ಲಗೆ ಕೇಳಿದಳು.

"ಮೇಡಮ್ಮರೇ, ಸುಲಿದಿದ್ದು ಮಾಯ್ದ ಮೇಲೆ ಹೊಸ ಚರ್ಮ ಬರ್ತದಲ್ರಿ. ಅದು ಬೆಳ್ಳಗೆ ಬರ್ತದೇನ್ರಿ?"

ಡಾಕ್ಟರಮ್ಮ ಅಜ್ಜಿಯ ಕಡೆ ನೋಡಿದರು.

ಮನೆಗೆ ಬಂದ ದಿನ ಅಪ್ಪ ಹಿಟ್ಟಿನ ಡಬ್ಬಿಯನ್ನು ತಿಪ್ಪೆಗೆ ಎಸೆಯಲು ಹೊರಟ. ಅಜ್ಜಿ ತಡೆದಳು. 'ಇದು ಚೆಲ್ಲಿದ್ರೆ ಅಂಗಡ್ಯಾಗೆ ಇನ್ನೊಂದು ಸಿಗ್ತದೆ. ಇಲ್ಲೇ ಇರ್ಲಿ ಬಿಡ್ರಿ. ನಿಮ್ಮಕ್ಕಗೆ ಒಂದು ಮಾತು ಹೇಳ್ತೀರಾ?' ಅಂದಳು. ಅಪ್ಪ 'ನಾನ್ ಹೆಂಗೆ ಹೇಳ್ಲಿ ಅಕ್ಕಗೆ?' ಅಂದು ಡಬ್ಬಿಯನ್ನು ಗೂಡಿನಲ್ಲಿಟ್ಟು ಮಿಲ್ಲಿಗೆ ಹೋದ. ಅತ್ತೆಯನ್ನು ಕರೆಯದೆ ಇರುವ ಹಾಗೂ ಇರಲಿಲ್ಲ. ತೊಟ್ಟಿಲ ಶಾಸ್ತ್ರ ಆಸ್ಪತ್ರೆಯಿಂದಾಗಿ ಮುಂದಕ್ಕೆ ಹೋಗಿತ್ತು, ಇನ್ನು ಮಾಡಲೇಬೇಕು. ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ. ಆ ಹಕ್ಕು ಬೇರೆ ಯಾರಿಗೂ ಇಲ್ಲ. ಅವಳು ಬರುತ್ತಾಳೆ, ಬಂದು ಅದೇ ಮಾತು ಅನ್ನುತ್ತಾಳೆ, ಅಂದ ಮೇಲೆ ಅವ್ವನ ಕೈ ಎಲ್ಲಿಗೆ ಹೋಗುತ್ತದೆ ಎಂಬುದು ಅಜ್ಜಿಗೆ ಗೊತ್ತಿತ್ತು. ಹಾಗಾಗಿ ಅವಳು ಮಾತನ್ನು ತಡೆಯುವ ಯೋಚನೆ ಬಿಟ್ಟು, ಮಾತು ಬಂದಾಗ ಅವ್ವ ಬೀಳದ ಹಾಗೆ ಮಾಡಲು ಕೂತಳು.

ಅಡುಗೆಮನೆಯಲ್ಲಿ, ಮಧ್ಯಾಹ್ನ ಮುಸುರೆ ತಿಕ್ಕಿದ ಮೇಲೆ, ಅವ್ವನಿಗೆ ಪಾಠ. ಅವ್ವನ ತೊಡೆಯ ಮೇಲೆ ಕೂಸಿನ ಬದಲು ಒಂದು ಮೊರ. ಎದುರಿಗೆ ಅಜ್ಜಿ, ಸೆರಗನ್ನು ಗಿರಿಜತ್ತೆಯ ಹಾಗೆ ಹೆಗಲ ಮೇಲೆ ಹಾಕಿಕೊಂಡು, ಮೂಗನ್ನು ಮೇಲೆತ್ತಿಕೊಂಡು. ಇಬ್ಬರೂ ಕಪ್ಪು. ಕಪ್ಪು ಅಜ್ಜಿ ಕೆಂಪು ಅತ್ತೆಯ ವೇಷ ಹಾಕಿದ್ದನ್ನು ಬಾಗಿಲ ಸಂದಿಯಿಂದ ನೋಡಿ ನನಗೆ ನಗು ಬಂತು. ನಕ್ಕರೆ ಪಾಠ ನಿಲ್ಲುತ್ತದೆಂದು ಲಂಗದ ಅಂಚನ್ನು ಬಾಯಿಗೆ ತುರುಕಿಕೊಂಡೆ.

"ಏನೇ ರತ್ನಾ, ಕೂಸು ಇನ್ನೂ ಕಪ್ಪಾತಲ್ಲ!"

ಅವ್ವ ಅತ್ತಳು.

"ಅಳಬ್ಯಾಡ. ಅತ್ರೆ ಆಕಿ ನಿನ್ನ ಸಮಾಧಾನ ಮಾಡ್ತಾಳೆ. ಸಮಾಧಾನ ಮಾಡ್ತಾ ಮಾಡ್ತಾ ಇನ್ನೊಂದ್ ನಾಲ್ಕು ಹೇಳ್ತಾಳೆ. ಮತ್ತೆ ಶುರು. ಏನೇ ರತ್ನಾ, ಕೂಸು ಕಪ್ಪಾತಲ್ಲ!"

"ಆಸ್ಪತ್ರ್ಯಾಗೆ ಇತ್ತಲ್ರಿ, ಔಷಧಿ ಜಾಸ್ತಿ ಕೊಟ್ಟಾರೆ, ಅದಕ್ಕೆ..."

"ಅದಕ್ಕೆ ಅನ್ನಬ್ಯಾಡ. ನೀನು ಅದಕ್ಕೆ ಅಂದ್ರೆ ಆಕಿ ಹಂಗಾದ್ರೆ ಅಂತಾಳೆ. ಹಂಗಾದ್ರೆ ಇದು ಹಚ್ಚು, ಹಂಗಾದ್ರೆ ಅದು ತಿಕ್ಕು. ಕಾರಣ ಕೇಳ್ಯಾಳಾ ಆಕಿ? ಇಲ್ಲ. ಮತ್ಯಾಕ ಕೊಡ್ತೀ? ಏನೇ ರತ್ನಾ, ಕಪ್ಪಾತಲ್ಲ!"

ಮೂರನೇ ಸಲ ಅವ್ವನಿಗೆ ಸಿಟ್ಟು ಬಂತು. 'ನಿಮ್ಮ ಮಗಳ ಹಲ್ಲು ನೋಡ್ಕೊಳ್ರಿ ಮೊದ್ಲು' ಅಂದಳು. ಗಿರಿಜತ್ತೆಯ ಮಗಳಿಗೆ, ನಾನು ಅಕ್ಕ ಅನ್ನುತ್ತಿದ್ದವಳಿಗೆ, ಮುಂದಿನ ಹಲ್ಲು ಉಬ್ಬಿದ್ದವು. ಅಜ್ಜಿಯ ಮುಖದಲ್ಲಿ ಒಂದು ಗಳಿಗೆ ಸಂತೋಷ ಕಂಡಿತು, ಆದರೆ ಗುರುವಿನ ಸ್ಥಾನ ನೆನಪಾಗಿ ಮುಚ್ಚಿಟ್ಟುಕೊಂಡಳು. 'ಅನ್ನಬೌದು. ಬಾಯಿಗೆ ರುಚಿ ಐತೆ. ಆದ್ರೆ ಆ ಹುಡುಗಿ ನಿನಗೇನ್ ಮಾಡ್ಯಾಳೆ? ಆಮ್ಯಾಲೆ ಜಗಳ ನಿಮ್ಮಿಬ್ಬರದ್ದು ಆಗ್ತದೆ. ನೀನೇ ತಪ್ಪು ಅಂತ ಊರೆಲ್ಲ ಅಂತಾರೆ, ನಿನ್ ಗಂಡನೂ ಅಂತಾನೆ' ಅಂದಳು. ನಾಲ್ಕನೇ ಸಲ ಅವ್ವ ತಾನೇ ನಗೆಯಾಡಿದಳು: 'ಹೌದ್ರಿ, ನಮ್ಮ ಮನ್ಯಾಗೆ ಕಾಡಿಗೆ ತರೋ ಹಂಗಿಲ್ಲ.' ಅಜ್ಜಿ ಮೊರವನ್ನು ಕಿತ್ತುಕೊಂಡು ನೆಲಕ್ಕೆ ಕುಕ್ಕಿದಳು. ನೀನೇ ನಕ್ಕರೆ ಎಲ್ಲರಿಗೂ ನಗಲು ಚೀಟಿ ಕೊಟ್ಟ ಹಾಗೆ, ಮತ್ತು ಕೂಸು ದೊಡ್ಡದಾದ ಮೇಲೆ ಅದನ್ನು ಕೇಳುತ್ತ ಪಕ್ಕದಲ್ಲಿ ಕೂತಿರುತ್ತದೆ ಎಂದಳು. ಬಾಗಿಲ ಸಂದಿಯಲ್ಲಿ ನಾನು ಲಂಗದ ಅಂಚನ್ನು ಬಾಯಿಂದ ತೆಗೆದೆ.

"ಮತ್ತೇನ್ ಅನ್ಲಿ, ನೀನೇ ಹೇಳು."

"ಕೂಸು ಕಪ್ಪೈತೋ ಇಲ್ಲೋ?"

"ಐತೆ."

"ಮತ್ತೆ ಹಂಗೇ ಅನ್ನು. ಹೌದ್ರಿ, ಕಪ್ಪೈತೆ. ಅಷ್ಟು ಅಂದು ಬಾಯಿ ಮುಚ್ಚು. ಸಂತ್ಯಾಗೆ ಒಬ್ಬಾಕಿ ಬಂದು ನಿನ್ ಬದನೇಕಾಯಿ ಸಣ್ಣವು ಅಂತಾಳೆ. ಇಲ್ರಿ ದೊಡ್ಡವು ಅಂದ್ರೆ ತಕ್ಕಡಿ ಮುಂದೇನೇ ಜಗಳ. ಸಣ್ಣವು ಅದಾವ್ರಿ, ಎಷ್ಟು ಹಾಕ್ಲಿ ಅಂದ್ರೆ? ಆಕಿ ಬಾಯಾಗೆ ಇನ್ನೇನ್ ಉಳೀತು?"

"ಅದು ಬದನೇಕಾಯಿ ಅವ್ವಾ. ಇದು ನನ್ ಮಗಳು."

ಅಜ್ಜಿ ಮೊರವನ್ನು ಎತ್ತಿ ಅವ್ವನ ತೊಡೆಯ ಮೇಲೆ ಮತ್ತೆ ಇಟ್ಟಳು. ಅದಕ್ಕೇ ಮೊರ ಇಟ್ಟುಕೊಂಡು ಕಲಿ ಅನ್ನುವುದು ಎಂದಳು. ಆಮೇಲಿನ ಪಾಠವೆಲ್ಲ ಮಾತಿನದಲ್ಲ, ದನಿಯದು. 'ಹೌದ್ರಿ' ಎಂಬುದನ್ನು ಮೇಲೆತ್ತಿದರೆ ಪ್ರಶ್ನೆಯಾಗುತ್ತದೆ, ಎಳೆದರೆ ವ್ಯಂಗ್ಯವಾಗುತ್ತದೆ. ಹಾಲಿನವನು ಇವತ್ತು ಬಂದಿದ್ದನಾ ಎಂದು ಕೇಳಿದರೆ ಹೇಗೆ ಹೌದು ಅನ್ನುತ್ತೀಯೋ ಹಾಗೆ ಅನ್ನಬೇಕು. ನೆಲ ನೋಡಬಾರದು, ದುರುಗುಟ್ಟಲೂ ಬಾರದು. ಹಣೆಯ ಕುಂಕುಮ ನೋಡಿದರೆ ಸಾಕು, ಕಣ್ಣು ನೋಡಿದ ಹಾಗೇ ಕಾಣುತ್ತದೆ. ಮಾತಾಡುವ ಮುಂಚೆ ಒಂದು ಉಸಿರು ಪೂರ್ತಿ ಬಿಡಬೇಕು. ಅಂದಾದ ಮೇಲೆ ಖಾಲಿ ಜಾಗ ಬಿಡದೆ ಅವಳಿಗೆ ಸಂಬಂಧಪಟ್ಟದ್ದೊಂದು ಕೇಳಬೇಕು ಇಲ್ಲವೇ ಕೆಲಸ ಕೊಡಬೇಕು, ಬೇಕೆಂದೇ ಕೇಳಿದ ಹಾಗಲ್ಲ, ನಿಜವಾಗಿ. ಅವಳು ಮತ್ತೆ ಅಂದರೆ ಹೊಸ ಉತ್ತರ ಹುಡುಕಬಾರದು, ಅದನ್ನೇ ಅನ್ನಬೇಕು, ಅದೇ ದನಿಯಲ್ಲಿ. ಹೊಸ ಉತ್ತರ ಕೊಟ್ಟರೆ ಹಳೆಯದು ಸೋತಿತೆಂದು ಅವಳಿಗೆ ತಿಳಿಯುತ್ತದೆ. ಬೇಡದ ಉಪಾಯ ಹೇಳಿದರೆ ನೋಡೋಣ ಅನ್ನಬಾರದು. ಇಲ್ಲ ಅನ್ನಬೇಕು. ಅವ್ವ ಆ ಎರಡು ಮಾತನ್ನು ಮೊರಕ್ಕೆ, ಒಲೆಗೆ, ಮುಸುರೆಯ ಪಾತ್ರೆಗೆ ಅಂದು ಅಂದು ರೂಢಿ ಮಾಡಿಕೊಂಡಳು. ಕತ್ತಲೆಕೋಣೆಯಲ್ಲಿ ಕೂಸಿನ ಪಕ್ಕ ಮಲಗಿದಾಗಲೂ ಪಿಸುಗುಡುತ್ತಿದ್ದಳು. ಮೊದಲು ಅದನ್ನು ಹೇಳಿದಾಗಲೆಲ್ಲ ಅಳುತ್ತಿದ್ದಳು, ಆಮೇಲೆ ಅಳುವುದು ಕಡಿಮೆಯಾಯಿತು. ನಿಂತಿತೆಂದು ನಾನು ಹೇಳಲಾರೆ.

ಆ ಪಾಠ ಮೊರ ಹಿಡಿದು ಕಲಿತವಳಿಗಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಕದ್ದು ಕೇಳಿದವಳಿಗೆ. ಬಿದಿರುಕಡ್ಡಿಯಾಗಿದ್ದ ನಾನು ಈಗ ದುಂಡನೆಯ ಬಿದಿರುಬುಟ್ಟಿಯೇ ಆಗಿದ್ದೇನೆ, ಬಣ್ಣ ಮಾತ್ರ ಮೊದಲಿನದೇ, ಆದ್ದರಿಂದ ನಮ್ಮ ಬಂಧುಗಳಿಗೆ ವಿಷಯದ ಕೊರತೆ ಇಲ್ಲ. ಮೊನ್ನೆ ಹರಿಹರದಲ್ಲಿ ಒಂದು ಗೃಹಪ್ರವೇಶಕ್ಕೆ ಹೋಗುವ ಮುಂಚೆ ವಾರವೆಲ್ಲ ಕನ್ನಡಿಯ ಮುಂದೆ ಉತ್ತರಗಳನ್ನು ತಯಾರಿಸಿದೆ. ಅಷ್ಟು ಹೊತ್ತು ನಡೆದಾಡಿದ್ದರೆ ಉತ್ತರದ ಅಗತ್ಯವೇ ಬೀಳುತ್ತಿರಲಿಲ್ಲವೇನೋ. ಊಟದ ಸಾಲಿನಲ್ಲಿ ದೂರದ ಚಿಕ್ಕಮ್ಮ ಒಬ್ಬರು ಎಲೆಯ ಮೇಲಿಂದಲೇ ಕೂಗಿದರು.

"ಏನೇ ಇದು, ಈ ಪಾಟಿ ಊದೀಯಾ! ಸ್ವಲ್ಪ ಬಾಯಿ ಕಟ್ಟಬಾರದಾ?"

"ಹೌದು ಚಿಕ್ಕಮ್ಮ, ದಪ್ಪ ಆಗೀನಿ. ನಿಮ್ಮ ಮೊಣಕಾಲು ಹೆಂಗೈತೆ ಈಗ?"

ಮೊಣಕಾಲಿನ ಕಥೆ ಹೋಳಿಗೆಯಿಂದ ಮಜ್ಜಿಗೆಯವರೆಗೆ ನಡೆಯಿತು. ನಾನು ಇನ್ನೊಂದು ಹೋಳಿಗೆ ಹಾಕಿಸಿಕೊಂಡು ಪೂರ್ತಿ ಕೇಳಿದೆ. ಅವರಿಗೆ ನಿಜವಾಗಿಯೂ ಬಹಳ ನೋವಿದೆ. ಎದುರಿಗಿದ್ದ ಸೊಸೆಯಂದಿರು ನನ್ನನ್ನು ಏನೂ ನಾಟದ ಹೆಂಗಸು ಎಂಬಂತೆ ನೋಡಿದರು. ಮನೆಗೆ ಬಂದು ಮೂರು ದಿನ ಅನ್ನ ಬಿಟ್ಟದ್ದು ಅವರಿಗೆ ಗೊತ್ತಿಲ್ಲ. ಆ ಉತ್ತರ ಎದುರಿನವರ ಬಾಯಿಯನ್ನು ಮುಚ್ಚುತ್ತದೆ ಅಷ್ಟೇ. ಒಳಗೆ ಹೋದದ್ದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಅಜ್ಜಿಯ ಪಾಠ ಹೇಳಿರಲಿಲ್ಲ.

ತೊಟ್ಟಿಲ ದಿನ ಕೊಂಡಿ ಕೀಳಲಿಲ್ಲ. ಅಪ್ಪ ಅದಕ್ಕೆ ಜೋತುಬಿದ್ದು ಎರಡು ಸಲ ಪರೀಕ್ಷೆ ಮಾಡಿದ್ದ. ಹಾಲು ಒಡೆಯಲಿಲ್ಲ, ಸ್ಟೋವು ಸಮಾಧಾನದಿಂದ ಉರಿಯಿತು, ಮಿಲ್ಲಿನವರು ನಮ್ಮನ್ನು ಮರೆತಿದ್ದರು. ಗಿರಿಜತ್ತೆಯ ಬಸ್ಸು ಹೊತ್ತಿಗೆ ಸರಿಯಾಗಿ ಬಂತು. ಓಣಿಯ ಹೆಂಗಸರು ಪಡಸಾಲೆಯ ತುಂಬ ಕೂತಿದ್ದರು. ಅವ್ವ ತೊಟ್ಟಿಲ ಪಕ್ಕದ ಚಾಪೆಯ ಮೇಲೆ, ತೊಡೆಯಲ್ಲಿ ಕೂಸು. ಕೂಸಿಗೆ ಉದ್ದ ತೋಳಿನ ಹೊಸ ಅಂಗಿ, ಮಾಯುತ್ತಿದ್ದ ಗಾಯಗಳ ಮೇಲೆ. ಅಜ್ಜಿ ಅಡುಗೆಮನೆಯ ಬಾಗಿಲಲ್ಲಿ ಎಲೆ ಅಡಿಕೆಯ ದೊಡ್ಡ ಉಂಡೆಯನ್ನು ಬಾಯಿಗೆ ಹಾಕಿಕೊಂಡು ನಿಂತಿದ್ದಳು, ತನ್ನ ಬಾಯಿಯನ್ನು ತಾನೇ ನಂಬದೆ. ನಾನು ಅಕ್ಷತೆಯ ತಟ್ಟೆ ಹಿಡಿದಿದ್ದೆ. ಅತ್ತೆ ಕಾಲು ತೊಳೆದು ಬಂದು, ಬಾಗಿ, ಕೂಸಿನ ಮುಖವನ್ನು ಬಾಗಿಲ ಬೆಳಕಿಗೆ ತಿರುಗಿಸಿದಳು.

"ಅಯ್ಯೋ ರತ್ನಾ, ಇದೇನೇ ಇದು. ಇನ್ನೂ ಕಪ್ಪಾತಲ್ಲ! ಮ್ಯಾಲೆ ಕಲೆ ಬೇರೆ."

ಅವ್ವನ ಎದೆ ಮೆಲ್ಲಗೆ ಇಳಿದದ್ದನ್ನು ಕಂಡೆ. ಉಸಿರು ಬಿಟ್ಟಿದ್ದಳು.

"ಹೌದ್ರಿ ಅಕ್ಕಾರೆ, ಕಪ್ಪೈತೆ. ಬರ್ರಿ, ಇಲ್ಲಿ ಕೂಡ್ರಿ. ಹೆಸರು ಹೇಳಾರು ನೀವೇ ಅಲ್ಲೇನ್ರಿ."

ಹಾಲಿನವನು ಬಂದಿದ್ದ ಎಂದ ಹಾಗೇ ಇತ್ತು. ಅತ್ತೆ ಕೂತಳು. ಏನೋ ತಪ್ಪಿದೆ ಎಂದು ಅವಳಿಗೂ ಅನಿಸಿರಬೇಕು, ಅತ್ತಿತ್ತ ನೋಡಿದಳು.

"ಅಲ್ಲ, ನಾನ್ ಹೇಳಿದ್ದೆನಲ್ಲ, ತಿಕ್ಕಿ ಎರೀರಿ ಅಂತ? ಎರೀಲಿಲ್ಲೇನು?"

"ಎರೆದ್ವಿ, ಆಸ್ಪತ್ರೆಗೆ ಹೋಯ್ತು. ಇನ್ನು ತಿಕ್ಕಾದಿಲ್ರಿ. ಕಪ್ಪೈತೆ ಕೂಸು."

"ನಾಳೆ ಯಾರ್ ಮಾಡ್ಕೊಂತಾರೆ ಇದನ್ನ?"

ಇಬ್ಬರು ಹೆಂಗಸರು ತಲೆ ತಗ್ಗಿಸಿದರು. ಅಜ್ಜಿಯ ದವಡೆ ನಿಂತಿತು. ಅಪ್ಪ ಹೊಸ್ತಿಲಾಚೆ ನಿಂತು ಬೀದಿ ನೋಡುತ್ತಿದ್ದ. ಅವ್ವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ, ಅವಳ ಕಣ್ಣು ಅತ್ತೆಯ ಕುಂಕುಮದ ಮೇಲೇ ಇತ್ತು, ಬಲಗೈ ಕೂಸಿನ ತೊಡೆಯ ಮೇಲಿತ್ತು.

"ಕಪ್ಪೈತೆ ಹೌದ್ರಿ. ನಿಮಗೆ ಬಸ್ಸಿನಾಗೆ ಸೀಟು ಸಿಕ್ತೇನ್ರಿ, ನಿಂತ್ಕೊಂಡೇ ಬಂದ್ರಾ?"

ಹತ್ತು ಜನರ ಮುಂದೆ ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ಇರುವುದು ಹೇಗೆ?

"ಎಲ್ಲಿ ಸೀಟು ಮಾರಾಯ್ತಿ. ನಿಂತೇ ಬಂದೆ. ಕಂಡಕ್ಟ್ರು ಬೇರೆ ಒಳಗೆ ನೂಕ್ತಾನೆ..."

ಅಷ್ಟರಲ್ಲಿ ಕೂಸು ಚೀರಿತು. ಸಾಮಾನ್ಯ ಅಳುವಲ್ಲ, ಉಸಿರು ಸಿಕ್ಕಿಕೊಂಡು ಮೈ ಸೆಟೆದುಕೊಳ್ಳುವಂಥ ಚೀರು. ಹಸಿದಿರಬೇಕು ಎಂದು ಅತ್ತೆಯೇ ಹೇಳಿದಳು. ಜನ ಕಂಡು ಹೆದರಿದೆ ಎಂದಳು ಪಕ್ಕದ ಮನೆಯವಳು. ಶಾಸ್ತ್ರ ಮುಂದುವರಿಯಿತು. ತೊಟ್ಟಿಲಲ್ಲಿ ಮಲಗಿಸಿದ ಕೂಸಿನ ಮೇಲೆ ಬಾಗಿ ಅತ್ತೆ ಅದರ ಕಿವಿಗೆ ಬಾಯಿ ಹಚ್ಚಿ ಮಂಜುಳಾ, ಮಂಜುಳಾ ಎಂದು ಹೆಸರು ಉಸುರಿದಳು. ಆ ಹೊತ್ತಿಗೆ ಅವಳ ಬೆನ್ನಿಗೆ ಗುದ್ದುವುದು ಸಂಪ್ರದಾಯ; ಓಣಿಯ ಹೆಂಗಸರು ಅಂದು ಸಂಪ್ರದಾಯವನ್ನು ಸ್ವಲ್ಪ ಮನಸ್ಸಿಟ್ಟೇ ನಡೆಸಿದರು. ಸಾಲು ಬೆನ್ನುಗಳ ಹಿಂದೆ ಅವಳು ಕಿವಿಯನ್ನು ಮತ್ತೊಮ್ಮೆ ಮಡಚಿ ನೋಡಿದಳೋ ಇಲ್ಲವೋ ನನಗೆ ಕಾಣಲಿಲ್ಲ. ಉಂಡಳು, ಉಡಿ ತುಂಬಿಸಿಕೊಂಡಳು, ಅಪ್ಪನ ತಲೆ ಸವರಿದಳು, ಸಂಜೆಯ ಬಸ್ಸಿಗೆ ಹೊರಟಳು. ಮುಂದೆಯೂ ಅವಳು ಬಂದಾಗಲೆಲ್ಲ ಆ ಮಾತು ತೆಗೆಯುತ್ತಲೇ ಇದ್ದಳು. ನಮ್ಮ ಮನೆಯಲ್ಲಿ ಅದು ಬೇಗ ಮುಗಿದುಹೋಗುತ್ತಿತ್ತು, ಅಷ್ಟೇ ವ್ಯತ್ಯಾಸ. ಹಿಟ್ಟಿನ ಡಬ್ಬಿಗೆ ಅವ್ವ ಕೈಹಾಕಲಿಲ್ಲ. ಅಂದೂ ಇಲ್ಲ, ಆಮೇಲೂ ಇಲ್ಲ. ಅದರಲ್ಲಿ ನುಸಿ ಬಿದ್ದ ಮೇಲೆ ಅಜ್ಜಿ ತಾನೇ ಚೆಲ್ಲಿದಳು.

ದೀಪ ಹಚ್ಚುವ ಹೊತ್ತಿಗೆ ಅವ್ವ ಕತ್ತಲೆಕೋಣೆಯಲ್ಲಿ ಕೂಸಿನ ಹೊಸ ಅಂಗಿ ಬಿಚ್ಚಿದಳು. ನಾನು ಲಾಟೀನು ಹಿಡಿದಿದ್ದೆ. ಕೂಸಿನ ಎಡತೊಡೆಯ ಹೊರಬದಿಯಲ್ಲಿ, ಗಾಯವಿಲ್ಲದ ಜಾಗದಲ್ಲಿ, ಸಾಲಾಗಿ ನಾಲ್ಕು ಗುರುತುಗಳಿದ್ದವು. ಕಪ್ಪು ಮೈಮೇಲೆ ಕೆಂಪು ಕಾಣುವುದಿಲ್ಲ ಎನ್ನುತ್ತಾರೆ. ಕಾಣುತ್ತದೆ. ಅಂಚಿನಲ್ಲಿ ಆಗಲೇ ನೀಲಿಗೆ ತಿರುಗುತ್ತಿದ್ದವು. ನಾನು ಲಾಟೀನನ್ನು ಹತ್ತಿರ ತಂದೆ. ಅವ್ವ ತನ್ನ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಆ ಗುರುತುಗಳ ಮೇಲೆ ಇಟ್ಟು ನೋಡಿದಳು. ನಾಲ್ಕೂ ಸರಿಯಾಗಿ ಕೂತವು.